ಅವರೆಕಾಳೂ ಹುಚ್ಚೆಳ್ಳಿನ ಹೂವೂ

ಮನುಷ್ಯನು ಉಂಡ ಅನ್ನವೆಲ್ಲವೂ ಅವನ ದೇಹದಲ್ಲಿ ಕರಗಿ ರಕ್ತಗತವಾಗುವುದಿಲ್ಲ. ಸಸ್ಯಗಳ ಜೀವಕೋಶಗಳಿಗೆ ಗೋಡೆಯಾಗಿರುವ ಸೆಲ್ಯುಲೋಸನ್ನು ಒಡೆಯಬಲ್ಲ ಕಿಣ್ವವು ನಮ್ಮ ಜಠರದಲ್ಲಾಗಲಿ ಸಣ್ಣಕರುಳಿನಲ್ಲಾಗಲಿ ಹುಟ್ಟುವುದಿಲ್ಲವಾದುದರಿಂದ, ನಾವು ತಿಂದ ಕಾಳು, ಸೊಪ್ಪು, ಹಣ್ಣುಗಳ ಕೋಶಗಳಲ್ಲಿ ಅಗಿತಕ್ಕೂ ಬೇಯುವಿಕೆಗೂ ಒಡೆಯದೆ ಉಳಿದವು, ತಮ್ಮ ಹೊರಗಿನ ಆಕಾರವನ್ನು ಬಹುಮಟ್ಟಿಗೆ ಕಾಪಾಡಿಕೊಂಡೇ ಅನ್ನಮಾರ್ಗದ ಉದ್ದಕ್ಕೂ ಸಾಗಿ ಹೊರಬೀಳುತ್ತವೆ. ಹೂವಿನ ಪರಾಗರೇಣುವಿನ ಸಂಗತಿಯು ಇದಕ್ಕಿಂತಲೂ ವಿಸ್ಮಯಕರವಾದುದು. ಅದರ ಹೊರಕವಚವು ಸ್ಪೋರೋಪೊಲೆನಿನ್ ಎಂಬ, ಸಸ್ಯಪ್ರಪಂಚದಲ್ಲಿಯೇ ಅತ್ಯಂತ ಗಟ್ಟಿಯೆನ್ನಬಹುದಾದ ದ್ರವ್ಯದಿಂದ ರಚಿತವಾಗಿರುವುದರಿಂದ ಜಠರದ ಆಮ್ಲವು ಅದನ್ನು ಮುಟ್ಟಲಾರದು. ಪರಾಗತಜ್ಞರು ರೇಣುವಿನ ಕವಚವನ್ನು ಶುದ್ಧಗೊಳಿಸಬೇಕಾದಾಗ ಅದನ್ನು ಗಂಧಕಾಮ್ಲ ಬೆರೆಸಿದ ಅಸಿಟಿಕ್ ಅನ್‌ಹೈಡ್ರೈಡಿನಲ್ಲಿ ಕಾಯಿಸುತ್ತಾರೆ. ಒಳಗಿನದೆಲ್ಲ ಸುಟ್ಟುಹೋಗಿ ಕವಚವೊಂದೇ ಅದರ ಮುಳ್ಳು ಮತ್ತು ರಂಧ್ರಗಳ ಸಮೇತ ನಿಲ್ಲುತ್ತದೆ. ಇಷ್ಟನ್ನು ಸಹಿಸುವ ವಸ್ತುವಿಗೆ ನಮ್ಮ ಹೊಟ್ಟೆಯು ಏನು ಮಾಡೀತು?

ಹೀಗಾಗಿ ಪರೋಪಜೀವಿಗಳ ಮೊಟ್ಟೆಗಳನ್ನು ಅರಸುತ್ತ ಮಲದ ಸಣ್ಣ ಕಣವೊಂದನ್ನು ಸೂಕ್ಷ್ಮದರ್ಶಕದ ಕೆಳಗಿಡುವವನು, ಮೊಟ್ಟೆಗಳಿಗಿಂತ ಮೊದಲು ರೋಗಿಯ ನಿನ್ನೆ ಮೊನ್ನೆಯ ಊಟವನ್ನು ಕಾಣುತ್ತಾನೆ. ಈ ಅರಸುವಿಕೆಯೇನೂ ಬಹಳ ಪುರಾತನವಾದುದಲ್ಲ. 1838ರಲ್ಲಿ ಮಿಲಾನ್ ನಗರದ ಆಂಜೆಲೋ ದುಬೀನಿ ಎಂಬ ವೈದ್ಯನು ಕೊಕ್ಕೆಹುಳುವನ್ನು ಮೊದಲು ಕಂಡದ್ದು ಶವಪರೀಕ್ಷೆಯಲ್ಲಿ. ಜೀವಂತ ರೋಗಿಯ ಮಲದಲ್ಲಿ ಮೊಟ್ಟೆಗಳನ್ನು ಗುರುತಿಸಿ ಒಳಗಿರುವ ಹುಳುವನ್ನು ನಿರ್ಣಯಿಸಬಹುದೆಂದು ಗ್ರಾಸ್ಸಿಯೂ ಪರೋನಾ ಸಹೋದರರೂ ತೋರಿಸಿಕೊಟ್ಟದ್ದು ಅದಾದ ನಲವತ್ತು ವರ್ಷಗಳ ಮೇಲೆ, 1878ರಲ್ಲಿ. ಅಂದಿನಿಂದ ಇಂದಿನವರೆಗೆ ಈ ವಿದ್ಯೆಯನ್ನು ಕಲಿಯಹೊರಟ ಪ್ರತಿಯೊಬ್ಬನೂ ಎಂದಾದರೊಮ್ಮೆ ಬೆಂದ ಕಾಳಿನ ಕೋಶವನ್ನೋ ಹೂವಿನ ರೇಣುವನ್ನೋ ಮೊಟ್ಟೆಯೆಂದು ಕರೆದಿರುತ್ತಾನೆ. ಅಂಥ ಒಬ್ಬ ವಿದ್ಯಾರ್ಥಿಯ ಕಥೆಯನ್ನು ಇಲ್ಲಿ ಹೇಳುತ್ತೇನೆ. ಅವನಿಗೆ ಮಾಧವನೆಂದು ಹೆಸರಿಡೋಣ. ಕಥೆ ಕಲ್ಪಿತವಾದರೂ ಅದರಲ್ಲಿ ಬರುವ ಒಂದೊಂದು ತೊಡಕೂ ಪ್ರಯೋಗಶಾಲೆಗಳಲ್ಲಿ ನಿತ್ಯವೂ ಎದುರಾಗುವಂಥದೇ ಆಗಿದೆ.

ಮೈಸೂರು ಸೀಮೆಯ ಒಂದು ಜಿಲ್ಲಾ ಕೇಂದ್ರದ ಆಸ್ಪತ್ರೆ, ಪುಷ್ಯಮಾಸ. ಹೊಲಗದ್ದೆಗಳಲ್ಲಿ ಬರಿಗಾಲಿನಲ್ಲಿ ದುಡಿಯುವ, ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಆಯಾಸ, ಏದುಸಿರು, ಬಿಳುಪೇರಿದ ಕಣ್ಣುಗಳೊಡನೆ ಹೊರರೋಗಿ ವಿಭಾಗಕ್ಕೆ ಬಂದಿದ್ದಳು. ಆಕೆಯ ಹಿಮೋಗ್ಲೋಬಿನ್ ಡೆಸಿಲೀಟರಿಗೆ 6 ಗ್ರಾಂ ಮಾತ್ರವೇ ಇತ್ತು. ಹೆಂಗಸರಲ್ಲಿ ಅದು 12ಕ್ಕಿಂತ ಕೆಳಗಿಳಿಯಬಾರದು. ವೈದ್ಯರು ಮಲಪರೀಕ್ಷೆಯ ಚೀಟಿಯಲ್ಲಿ ‘ರಕ್ತಹೀನತೆ, ಕೊಕ್ಕೆಹುಳು ಇದೆಯೇ?’ ಎಂದು ಬರೆದು ಕಳುಹಿಸಿದ್ದರು. ವೈದ್ಯವಿದ್ಯಾರ್ಥಿಯಾದ ಮಾಧವನು ಮೊದಲು ಓದಿದ್ದು ಆ ಚೀಟಿಯನ್ನು, ಆಮೇಲೆ ನೋಡಿದ್ದು ಸ್ಲೈಡನ್ನು. ಈ ಕ್ರಮವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಲೇಪನವನ್ನು ಅವನು ಶಾಸ್ತ್ರೋಕ್ತವಾಗಿಯೇ ಮಾಡಿದನು. ಗಾಜಿನ ಮೇಲೆ ಲವಣಜಲದ ಒಂದು ಹನಿ. ಅದರಲ್ಲಿ ಕಡ್ಡಿಯ ತುದಿಯಿಂದ ತೆಗೆದ, ಸುಮಾರು 2 ಮಿಲಿಗ್ರಾಂ ತೂಗುವ ಮಲ. ಅದನ್ನು ಸಮವಾಗಿ ಕದಡಿ, ಗುಳ್ಳೆಗಳೇಳದಂತೆ ಓರೆಯಾಗಿ ಇಳಿಸಿದ ಕವರ್‌ಸ್ಲಿಪ್ಪು. ಸ್ಲೈಡಿನ ಅಡಿಯಲ್ಲಿ ವೃತ್ತಪತ್ರಿಕೆಯನ್ನಿಟ್ಟರೆ ಅಕ್ಷರಗಳು ಓದಲು ಬರುವಷ್ಟು ಲೇಪನವು ತೆಳುವಾಗಿರಬೇಕೆಂಬ ಹಳೆಯ ನಿಯಮವನ್ನೂ ಪಾಲಿಸಿದನು. ಹತ್ತರ ವಸ್ತುಮಸೂರದ ಕೆಳಗೆ ಸ್ಲೈಡನ್ನು ಒಂದು ಮೂಲೆಯಿಂದ ಆರಂಭಿಸಿ, ಗದ್ದೆಯನ್ನು ಸಾಲುಸಾಲಾಗಿ ಉಳುವಂತೆ ಹಿಂದಕ್ಕೂ ಮುಂದಕ್ಕೂ ಸರಿಸುತ್ತ ಹೋದಾಗ, ಎರಡನೆಯ ಸಾಲಿನಲ್ಲಿಯೇ ಅವನ ಕಣ್ಣಿಗೆ ಒಂದು ಅಂಡಾಕಾರದ ವಸ್ತು ಬಿದ್ದಿತು. ಹೊರಗೆ ಸ್ಪಷ್ಟವಾದ ಗೆರೆಯಂಥ ಕವಚ. ಒಳಗೆ ನಾಲ್ಕೆಂಟು ದುಂಡು ಉಂಡೆಗಳು ಒಂದಕ್ಕೊಂದು ಒತ್ತಿಕೊಂಡು ಕುಳಿತಿವೆ. ಕೊಕ್ಕೆಹುಳುವಿನ ಮೊಟ್ಟೆಯು ಮಲದೊಡನೆ ಹೊರಬರುವ ವೇಳೆಗೆ ಅದರ ಭ್ರೂಣವು ನಾಲ್ಕರಿಂದ ಎಂಟು ಕೋಶಗಳಾಗಿ ವಿಭಜನೆ ಹೊಂದಿರುತ್ತದೆಂದು ಗ್ರಂಥವು ಹೇಳುತ್ತದೆ. ಇಲ್ಲಿ ಅದೇ ಕಂಡಿತು. ನಲವತ್ತರ ಮಸೂರವನ್ನು ತಿರುಗಿಸಿ, ಕಣ್ಣುಮಸೂರದೊಳಗಿನ ಅಳತೆಪಟ್ಟಿಯನ್ನು ಅದರ ಮೇಲೆ ಹೊಂದಿಸಿ ಅಳೆದನು: ಉದ್ದ 28 ಗೆರೆ, ಅಗಲ 16 ಗೆರೆ. ಆ ಸೂಕ್ಷ್ಮದರ್ಶಕದಲ್ಲಿ ಆ ಮಸೂರದೊಡನೆ ಒಂದು ಗೆರೆಯ ಬೆಲೆ 2.5 ಮೈಕ್ರಾನ್, ಅಂದರೆ ವಸ್ತುವು 70 ಮೈಕ್ರಾನ್ ಉದ್ದ, 40 ಮೈಕ್ರಾನ್ ಅಗಲ. ಕೊಕ್ಕೆಹುಳುವಿನ ಮೊಟ್ಟೆಯ ಉದ್ದ 60ರಿಂದ 75, ಅಗಲ 35ರಿಂದ 40. ಇದಕ್ಕಿಂತ ಹತ್ತಿರದ ಹೊಂದಿಕೆಯನ್ನು ಯಾರು ತಾನೇ ಬಯಸಿಯಾರು?

ಅಂಥ ವಸ್ತುಗಳು ಒಂದಲ್ಲ ಎರಡಲ್ಲ, ಇಡೀ ಲೇಪನದಲ್ಲಿ ನಲವತ್ತು ಸಿಕ್ಕಿದವು. ಅವುಗಳ ನಡುವೆ ಅಲ್ಲಲ್ಲಿ ಮತ್ತೊಂದು ಜಾತಿಯ ವಸ್ತು: ದುಂಡಗಿನ, ಹೊಂಬಣ್ಣದ, ದಪ್ಪನೆಯ ಗೋಡೆಯ ಕಣಗಳು, ಗೋಡೆಯಲ್ಲಿ ಚಕ್ರದ ಅರಗಳಂತೆ ಕೇಂದ್ರದಿಂದ ಹೊರಕ್ಕೆ ಹಾಯುವ ಸೂಕ್ಷ್ಮ ಗೀರುಗಳು. ಅಳತೆ 12 ಗೆರೆ, ಅಂದರೆ 30 ಮೈಕ್ರಾನ್. ಲಾಡಿಹುಳುವಿನ ಮೊಟ್ಟೆಯು 31ರಿಂದ 43 ಮೈಕ್ರಾನಿನಷ್ಟಿದ್ದು, ಕಂದುಹಳದಿಯಾಗಿ, ಅದರ ದಪ್ಪ ಗೋಡೆಯಲ್ಲಿ ಇಂಥವೇ ಗೀರುಗಳಿರುತ್ತವೆ. ಹೆಂಗಸು ಮಾಂಸಾಹಾರಿಯೆಂದು ಚೀಟಿಯಲ್ಲಿಯೇ ಇದ್ದುದರಿಂದ ಅದೂ ಅಸಂಭವವಾದುದಾಗಿರಲಿಲ್ಲ.

ಮಾಧವನು ಬುದ್ಧಿವಂತ, ಕಂಡದ್ದನ್ನು ಬರೆದು ಸುಮ್ಮನಾಗುವವನಲ್ಲ. ತನ್ನ ನೋಟ್‌ಪುಸ್ತಕದ ಬದಿಯಲ್ಲಿ ಒಂದು ಲೆಕ್ಕವನ್ನು ಹಾಕಿದನು. 2 ಮಿಲಿಗ್ರಾಮಿನಲ್ಲಿ ನಲವತ್ತು ಮೊಟ್ಟೆಯಾದರೆ ಒಂದು ಗ್ರಾಮಿನಲ್ಲಿ 20,000. ದಿನಕ್ಕೆ 150 ಗ್ರಾಂ ಮಲವೆಂದರೆ 30 ಲಕ್ಷ ಮೊಟ್ಟೆಗಳು. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣಬರುವ ನೆಕೇಟರ್ ಜಾತಿಯ ಒಂದು ಹೆಣ್ಣುಹುಳು ದಿನಕ್ಕೆ ಸುಮಾರು 10,000 ಮೊಟ್ಟೆಗಳನ್ನಿಡುತ್ತದೆ. ಆದುದರಿಂದ ಹೆಣ್ಣುಗಳು 300, ಗಂಡುಗಳೂ ಅಷ್ಟೇ ಇವೆಯೆಂದರೆ ಒಟ್ಟು 600 ಹುಳುಗಳು. ಒಂದೊಂದು ಹುಳುವಿನಿಂದ ದಿನಕ್ಕೆ 0.03 ಮಿಲಿಲೀಟರ್ ರಕ್ತ ನಷ್ಟ. ಆರುನೂರರಿಂದ 18 ಮಿಲಿಲೀಟರ್. ತಿಂಗಳಿಗೆ ಅರ್ಧ ಲೀಟರಿಗೂ ಮಿಗಿಲಾಗಿ ರಕ್ತವನ್ನು ಕಳೆದುಕೊಳ್ಳುತ್ತಿರುವ ಹೆಂಗಸಿನ ಹಿಮೋಗ್ಲೋಬಿನ್ 6 ಗ್ರಾಮಿಗಿಳಿದಿದ್ದರೆ ಆಶ್ಚರ್ಯವೇನು? ರೋಗಲಕ್ಷಣ, ಉದ್ಯೋಗ, ಮೊಟ್ಟೆಯ ಆಕಾರ, ಅಳತೆ, ಸಂಖ್ಯೆ, ರಕ್ತದ ಲೆಕ್ಕ ಎಲ್ಲವೂ ಒಂದರೊಡನೊಂದು ಬೆಸೆದುಕೊಂಡು ನಿಂತವು. ಅವನು ಅಯೋಡಿನ್ ಲೇಪನವನ್ನು ಮಾಡಲಿಲ್ಲ. ಮಾಡಬೇಕೆಂದು ಅವನಿಗೆ ತೋರಲೂ ಇಲ್ಲ. ಸುಳ್ಳು ನಿರ್ಣಯವೊಂದು ಬಲಗೊಳ್ಳುವುದು ಹೀಗೆಯೇ ಎಂದು ನಾನು ಭಾವಿಸುತ್ತೇನೆ: ಅಜ್ಞಾನದಿಂದಲ್ಲ, ಮೊದಲನೆಯ ಹೆಜ್ಜೆಯೊಂದನ್ನು ಪರೀಕ್ಷಿಸದೆ ಬಿಟ್ಟು ಮುಂದಿನ ಹೆಜ್ಜೆಗಳನ್ನೆಲ್ಲ ಅತ್ಯಂತ ಜಾಗರೂಕತೆಯಿಂದ ಇಡುವುದರಿಂದ.

ಅಧ್ಯಾಪಕಿಯವರು ಬಂದಾಗ ಅವನು ಎದ್ದುನಿಂತು, “ಮೇಡಂ, ಕೊಕ್ಕೆಹುಳುವಿನ ಮೊಟ್ಟೆ ಬೇಕಾದಷ್ಟಿವೆ. ಲಾಡಿಹುಳುವಿನದೂ ಇದೆ” ಎಂದು, ಲೆಕ್ಕದ ಹಾಳೆಯನ್ನು ಮುಂದಿಟ್ಟನು. ಅವರು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ, “ಗುಣಾಕಾರದಲ್ಲಿ ತಪ್ಪಿಲ್ಲಪ್ಪ. ಗುಣಿಸಿದ್ದು ಏನನ್ನು ಅಂತ ನೋಡೋಣ” ಎಂದರು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಸ್ವಲ್ಪ ಹೊತ್ತು ನೋಡಿದ ಮೇಲೆ ಏನನ್ನೂ ಹೇಳದೆ, “ಇದೊಂದನ್ನೇ ಅಳೆದೆಯಾ?” ಎಂದು ಕೇಳಿದರು. “ಹೌದು ಮೇಡಂ, ಅದೇ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತಿತ್ತು.” “ಹಾಗಾದರೆ ಕಣ್ಣಿಗೆ ಸಿಕ್ಕಿದ ಕ್ರಮದಲ್ಲೇ ಹತ್ತನ್ನು ಅಳೆ. ಚೆನ್ನಾಗಿರೋದನ್ನು ಆರಿಸಬೇಡ.”

ಹತ್ತನ್ನು ಅಳೆದಾಗ ಚಿತ್ರವು ಬದಲಾಯಿತು. ಅತಿ ಚಿಕ್ಕದು 65 ಮೈಕ್ರಾನ್, ಅತಿ ದೊಡ್ಡದು 120. ಕೆಲವು ಉದ್ದಗೆ, ಕೆಲವು ಬಹುತೇಕ ದುಂಡಗೆ, ಎರಡು ಒಂದು ಪಕ್ಕದಲ್ಲಿ ಚಪ್ಪಟೆ. ಅವನು ಮೊದಲು ಆರಿಸಿದ ವಸ್ತುವು ಗ್ರಂಥದ ಚಿತ್ರವನ್ನು ಹೋಲುವುದೆಂಬ ಕಾರಣದಿಂದಲೇ ಆರಿಸಲ್ಪಟ್ಟಿದ್ದಿತು. ಒಂದು ಜಾತಿಯ ಹುಳುವಿನ ಮೊಟ್ಟೆಗಳು ಒಂದೇ ಅಚ್ಚಿನಲ್ಲಿ ತಯಾರಾಗುತ್ತವೆ. ಅವುಗಳ ಅಳತೆ ಕೆಲವೇ ಮೈಕ್ರಾನುಗಳ ಮೇರೆಯೊಳಗೆ ಆಚೀಚೆಯಾಗುತ್ತದೆಯೇ ಹೊರತು ಒಂದಕ್ಕೊಂದು ಇಮ್ಮಡಿಯಾಗುವುದಿಲ್ಲ. ಆಹಾರದ ಕೋಶಗಳಿಗೆ ಅಂಥ ಕಟ್ಟುಪಾಡಿಲ್ಲ. ಕಾಳಿನ ಅಂಚಿನ ಕೋಶವು ಒಂದಳತೆ, ನಡುವಿನದು ಇನ್ನೊಂದಳತೆ.

ಎರಡನೆಯದಾಗಿ ಅಯೋಡಿನ್. ಅದೇ ಮಲದ ಮತ್ತೊಂದು ಕಣವನ್ನು ಅಯೋಡಿನ್ ದ್ರಾವಣದ ಹನಿಯಲ್ಲಿ ಕದಡಿ ನೋಡಿದಾಗ, ಭ್ರೂಣದ ಕೋಶಗಳೆಂದು ಅವನು ಎಣಿಸಿದ್ದ ಆ ದುಂಡು ಉಂಡೆಗಳು, ಕೆಲವು ಕಡುನೀಲಿಯಾಗಿ, ಕೆಲವು ಅರೆ ಜೀರ್ಣವಾದ ಪಿಷ್ಟಕ್ಕೆ ಸಹಜವಾದ ಕೆನ್ನೇರಿಳೆಯಾಗಿ ತೋರಿದವು. ಹುಳುವಿನ ಮೊಟ್ಟೆಯೊಳಗೆ ಪಿಷ್ಟವಿರುವುದಿಲ್ಲ. ಅಯೋಡಿನಿನಲ್ಲಿ ಅದು ನಸುಹಳದಿಯೋ ಕಂದುಹಳದಿಯೋ ಆಗುವುದೇ ಹೊರತು ಎಂದಿಗೂ ನೀಲಿಯಾಗದು. ದ್ವಿದಳಧಾನ್ಯದ ಬೇಳೆಯ ಒಂದೊಂದು ಕೋಶದಲ್ಲಿಯೂ ದೊಡ್ಡ ದೊಡ್ಡ ಪಿಷ್ಟಕಣಗಳು ಕೆಲವಿದ್ದು, ಅವುಗಳ ಸಂದುಗಳಲ್ಲಿ ಸಸಾರಜನಕವು ತುಂಬಿರುತ್ತದೆ. ಕಾಳನ್ನು ಬೇಯಿಸಿದಾಗ ಕೋಶಕ್ಕೂ ಕೋಶಕ್ಕೂ ನಡುವೆ ಅಂಟಿನಂತಿದ್ದ ಪೆಕ್ಟಿನ್ ಕರಗಿ, ಕೋಶಗಳು ಒಡೆಯದೆಯೇ ಬಿಡಿಬಿಡಿಯಾಗುತ್ತವೆ. ಬೆಂದ ಬೇಳೆಯು ಬೆರಳ ನಡುವೆ ಹಿಟ್ಟಿನಂತೆ ನುರಿಯುವುದು ಇದರಿಂದಲೇ. ಬಿಡಿಯಾದ ಪ್ರತಿಯೊಂದು ಕೋಶವೂ ತನ್ನ ಗೋಡೆಯೊಳಗೆ ಉಬ್ಬಿದ ನಾಲ್ಕೆಂಟು ಪಿಷ್ಟಕಣಗಳನ್ನು ಹೊತ್ತು, ವಿಭಜನೆ ಹೊಂದುತ್ತಿರುವ ಮೊಟ್ಟೆಯ ವೇಷದಲ್ಲಿ ಕರುಳಿನಿಂದಿಳಿಯುತ್ತದೆ. ಮಾಧವನು ಒಂದು ಪ್ರಶ್ನೆ ಕೇಳಿದನು, ಅದು ಒಳ್ಳೆಯ ಪ್ರಶ್ನೆಯಾಗಿತ್ತು: “ಪಿಷ್ಟವೆಲ್ಲ ಜೀರ್ಣವಾಗಿ ಹೋಗಿದ್ದರೆ, ಮೇಡಂ? ಆಗ ನೀಲಿ ಬರುವುದಿಲ್ಲವಲ್ಲ?” ಬರುವುದಿಲ್ಲ, ನಿಜ. ಅಯೋಡಿನಿನಲ್ಲಿ ನೀಲಿಯಾದದ್ದು ಮೊಟ್ಟೆಯಲ್ಲವೆಂದು ಖಂಡಿತವಾಗಿ ಹೇಳಬಹುದು. ನೀಲಿಯಾಗದ್ದು ಮೊಟ್ಟೆಯೇ ಎಂದು ಹೇಳುವಂತಿಲ್ಲ. ಆಗ ಗೋಡೆಯನ್ನು ನೋಡಬೇಕಾಗುತ್ತದೆ. ಸಸ್ಯಕೋಶದ ಗೋಡೆ ದಪ್ಪವಾದುದು, ಎರಡು ಗೆರೆಗಳ ನಡುವಿನ ಪಟ್ಟಿಯಾಗಿ ಕಾಣುವಂಥದು. ಒಮ್ಮೆ ನೆರೆಯ ಕೋಶಗಳಿಗೆ ಒತ್ತಿಕೊಂಡಿದ್ದ ಕಡೆ ಅದು ಚಪ್ಪಟೆಯಾಗಿರುತ್ತದೆ, ಮತ್ತು ಎರಡು ಮೂರು ಕೋಶಗಳು ಇನ್ನೂ ಅಂಟಿಕೊಂಡೇ ಇರುವುದುಂಟು. ಕೊಕ್ಕೆಹುಳುವಿನ ಮೊಟ್ಟೆ ಯಾವಾಗಲೂ ಒಂಟಿ. ಕವಚವು ಲೇಖನಿಯ ಮೊನೆಯಿಂದ ಎಳೆದಂಥ ಒಂದೇ ಗೆರೆ. ಆ ಗೆರೆಗೂ ಒಳಗಿನ ಭ್ರೂಣಕ್ಕೂ ನಡುವೆ ನಿರ್ಮಲವಾದ ತೆರಪು. ಮಾಧವನ ವಸ್ತುಗಳಲ್ಲಿ ಆ ತೆರಪು ಇರಲಿಲ್ಲ. ಉಂಡೆಗಳು ಗೋಡೆಯವರೆಗೂ ಒತ್ತಿಕೊಂಡಿದ್ದವು.

ಉಳಿದದ್ದು ಹೊಂಬಣ್ಣದ ಕಣಗಳು. ಇವು ಅಯೋಡಿನಿಗೆ ಬಗ್ಗಲಿಲ್ಲ. ಅಳತೆಯಲ್ಲಿಯೂ ಒಂದಕ್ಕೊಂದು ಸಮವಾಗಿಯೇ ಇದ್ದವು, ಏಕೆಂದರೆ ಒಂದು ಜಾತಿಯ ಹೂವಿನ ರೇಣುಗಳು ಹುಳುವಿನ ಮೊಟ್ಟೆಗಳಂತೆಯೇ ಒಂದೇ ಅಚ್ಚಿನವು. ಕಾಳಿನ ಕೋಶವನ್ನು ಬಯಲಿಗೆಳೆದ ಎರಡು ಉಪಾಯಗಳೂ ಇಲ್ಲಿ ಸೋತವು. 30 ಮೈಕ್ರಾನ್ ಎಂಬುದು ಲಾಡಿಹುಳುವಿನ ಮೊಟ್ಟೆಯ ಕನಿಷ್ಠ ಮಿತಿಗಿಂತ ಒಂದೇ ಮೈಕ್ರಾನ್ ಕಡಿಮೆ. ಅರ್ಧ ಗೆರೆಯ ಅಂತರವೂ ಇಲ್ಲದ ಆ ವ್ಯತ್ಯಾಸವನ್ನು ನಂಬಿ ಏನನ್ನೂ ನಿರ್ಣಯಿಸಲಾಗದು. ಇಲ್ಲಿ ಬೇಕಾದದ್ದು ಕೈಚಳಕ. ಅಧ್ಯಾಪಕಿಯವರು ಒಂದು ಸೂಜಿಯನ್ನು ಅವನ ಕೈಗಿತ್ತು, ಕವರ್‌ಸ್ಲಿಪ್ಪಿನ ಅಂಚನ್ನು ಮೃದುವಾಗಿ ಒತ್ತಿ ಬಿಡಲು ಹೇಳಿದರು. ದ್ರವವು ಕದಲಿದಾಗ ಕಣವು ಮಗ್ಗುಲು ತಿರುಗಿತು. ತಿರುಗುತ್ತಿರುವಂತೆಯೇ ಅವನು ಫೋಕಸ್ ತಿರುಪನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತ ಹೋದನು. ಕಣದ ನಡುಮಟ್ಟದಲ್ಲಿ ಫೋಕಸ್ ನಿಂತಾಗ ಗೋಡೆಯಲ್ಲಿ ಅರಗಳಂಥ ಗೀರುಗಳು. ಮೇಲ್ಮೈಗೆ ತಂದಾಗ ಆ ಗೀರುಗಳು ಮಾಯವಾಗಿ, ಅಲ್ಲಿ ಮೊನಚಾದ ಮುಳ್ಳುಗಳು ಎದ್ದುನಿಂತವು. ಅಂಚಿನಲ್ಲಿಯೂ ಮುಳ್ಳುಗಳು ಹೊರಕ್ಕೆ ಚಾಚಿದ್ದವು. ಕಣವು ತನ್ನ ಧ್ರುವವನ್ನು ನೋಡುವವನ ಕಡೆಗೆ ತಿರುಗಿಸಿದಾಗ ಪರಿಧಿಯಲ್ಲಿ ಸಮದೂರದಲ್ಲಿ ಮೂರು ಕಚ್ಚುಗಳು ಕಂಡವು. ರೇಣುವು ಮೊಳೆಯುವಾಗ ಪರಾಗನಾಳವು ಹೊರಬರುವ ದ್ವಾರಗಳವು. ಲಾಡಿಹುಳುವಿನ ಮೊಟ್ಟೆಯ ಹೊರಮೈಯಲ್ಲಿ ಮುಳ್ಳುಗಳಿಲ್ಲ, ದ್ವಾರಗಳಿಲ್ಲ. ಅದರ ಲಾಂಛನವಿರುವುದು ಒಳಗೆ: ಆರು ಕೊಕ್ಕೆಗಳನ್ನು ಮೂರು ಜೋಡಿಗಳಾಗಿ ಧರಿಸಿದ ಭ್ರೂಣ. ಎಣ್ಣೆಮಸೂರದ ಕೆಳಗೆ ಎಷ್ಟು ಹುಡುಕಿದರೂ ಈ ಕಣಗಳಲ್ಲಿ ಒಂದು ಕೊಕ್ಕೆಯೂ ಸಿಕ್ಕಲಿಲ್ಲ.

ಲಾಡಿಹುಳುವಿನ ಬಗೆಗಿನ ಈ ತಪ್ಪು ವರದಿಯೊಳಕ್ಕೆ ಹೋಗಿದ್ದರೆ ಅದು ಕೇವಲ ಕಾಗದದ ಮೇಲಿನ ತಪ್ಪಾಗಿ ಉಳಿಯುತ್ತಿರಲಿಲ್ಲ. ಲಾಡಿಹುಳುವಿಗೆ ಕೊಡುವ ಔಷಧಿಗಳಲ್ಲಿ ಪ್ರಾಜಿಕ್ವಾಂಟೆಲ್ ಒಂದು. ಹಂದಿಯ ಲಾಡಿಹುಳುವಿನ ಮರಿಕೋಶಗಳು ರೋಗಿಯ ಮಿದುಳಿನಲ್ಲಿ ಯಾರಿಗೂ ತಿಳಿಯದಂತೆ ಅಡಗಿದ್ದ ಪಕ್ಷದಲ್ಲಿ, ಆ ಔಷಧಿಯು ಅವನ್ನು ಕೊಲ್ಲುವಾಗ ಸುತ್ತಲೂ ಉರಿಯೂತವೆದ್ದು ಅಪಸ್ಮಾರದಂಥ ಸೆಳವು ಬರಬಹುದು. ಖಚಿತವಾದ ಹುಳುವಿದ್ದಾಗ ವೈದ್ಯನು ಎಚ್ಚರದಿಂದ ಎದುರಿಸಬೇಕಾದ ಅಪಾಯವದು. ಹೂವಿನ ರೇಣುವಿಗಾಗಿ ಯಾರನ್ನೂ ಅದಕ್ಕೆ ಒಡ್ಡುವುದು ಸಲ್ಲದು. ಕೊಕ್ಕೆಹುಳುವಿನ ತಪ್ಪಿನಿಂದಾಗುವ ಹಾನಿ ಬೇರೊಂದು ಬಗೆಯದು. ಅಲ್ಬೆಂಡಜೋಲ್ ಗುಳಿಗೆಯಿಂದ ಹೆಂಗಸಿಗೆ ಕೇಡೇನೂ ಆಗುತ್ತಿರಲಿಲ್ಲ. ಆದರೆ 600 ಹುಳುಗಳ ವರದಿಯನ್ನು ಕಂಡ ವೈದ್ಯರು ರಕ್ತಹೀನತೆಗೆ ಕಾರಣ ದೊರೆಯಿತೆಂದು ತಿಳಿದು, ನಿಜವಾದ ಕಾರಣವನ್ನು ಹುಡುಕುವುದನ್ನೇ ನಿಲ್ಲಿಸುತ್ತಿದ್ದರು.

ಹಾಗಾದರೆ ಹೆಂಗಸಿಗೆ ಹುಳುಗಳೇ ಇಲ್ಲವೇ? ನಲವತ್ತು ವಸ್ತುಗಳು ಮೊಟ್ಟೆಯಲ್ಲವೆಂದು ತೋರಿಸಿದ ಮಾತ್ರಕ್ಕೆ ನಲವತ್ತೊಂದನೆಯದು ಮೊಟ್ಟೆಯಾಗಿರಲಾರದೆಂದು ಸಿದ್ಧವಾಗುವುದಿಲ್ಲ. ಅಧ್ಯಾಪಕಿಯವರೂ ಮಾಧವನೂ ಮಲವನ್ನು ಸಾಂದ್ರಗೊಳಿಸಿ ನೋಡಲು ನಿರ್ಧರಿಸಿದರು. ಇದಕ್ಕೆ ಬೇಕಾದದ್ದು ಅಡುಗೆಯ ಉಪ್ಪು ಮಾತ್ರ. ನೀರಿನಲ್ಲಿ ಇನ್ನು ಕರಗದೆನ್ನುವಷ್ಟು ಉಪ್ಪನ್ನು ಕರಗಿಸಿದರೆ, ನೀರಿಗಿಂತ 1.2 ಪಾಲು ಭಾರವಾದ ದ್ರಾವಣವು ಸಿದ್ಧವಾಗುತ್ತದೆ. ಒಂದು ಸಣ್ಣ ಬಾಟಲಿಯಲ್ಲಿ ಗ್ರಾಮಿನಷ್ಟು ಮಲವನ್ನು ಈ ದ್ರಾವಣದಲ್ಲಿ ಕದಡಿ, ಬಾಟಲಿಯ ಬಾಯಿಯ ಮೇಲೆ ದ್ರವವು ಉಬ್ಬಿ ನಿಲ್ಲುವವರೆಗೆ ತುಂಬಿ, ಅದರ ಮೇಲೆ ಗಾಜಿನ ಸ್ಲೈಡೊಂದನ್ನು ದ್ರವಕ್ಕೆ ತಗಲುವಂತೆ ಮುಚ್ಚಿ, ಅರ್ಧ ಗಂಟೆ ಅಲುಗಿಸದೆ ಬಿಡಬೇಕು. ಕೊಕ್ಕೆಹುಳುವಿನ ಮೊಟ್ಟೆಯು ಈ ದ್ರಾವಣಕ್ಕಿಂತ ಹಗುರವಾದುದರಿಂದ ಮೇಲಕ್ಕೆ ತೇಲಿ ಸ್ಲೈಡಿಗೆ ಅಂಟುತ್ತದೆ. ಪಿಷ್ಟದಿಂದ ತುಂಬಿದ ಕಾಳಿನ ಕೋಶವು ಭಾರವಾಗಿ ತಳಕ್ಕಿಳಿಯುತ್ತದೆ. ಲಾಡಿಹುಳುವಿನ ಮೊಟ್ಟೆ ಮಾತ್ರ ಇದರಲ್ಲಿ ತೇಲದು. ಆದಕಾರಣ ಮಲದ ಇನ್ನೊಂದು ಭಾಗವನ್ನು ಫಾರ್ಮಾಲಿನ್ ಮತ್ತು ಈಥರುಗಳೊಡನೆ ಕುಲುಕಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳದ ಗಸಿಯನ್ನೂ ನೋಡಿದರು. ಅದರಲ್ಲಿ ಮುಳ್ಳಿನ ರೇಣುಗಳು ಇನ್ನೂ ಹೆಚ್ಚಾಗಿ ಸಿಕ್ಕಿದವೇ ಹೊರತು ಕೊಕ್ಕೆಗಳುಳ್ಳ ಭ್ರೂಣವು ಸಿಕ್ಕಲಿಲ್ಲ.

ತೇಲುವಿಕೆಯ ಸ್ಲೈಡನ್ನು ಮಾಧವನು ಮೊದಲು ನೋಡಿದಾಗ ಏನೂ ಕಾಣಲಿಲ್ಲ. “ಬೆಳಕು ಜಾಸ್ತಿಯಾಯಿತು” ಎಂದು ಅಧ್ಯಾಪಕಿಯವರು ಕಂಡೆನ್ಸರನ್ನು ಕೆಳಗಿಳಿಸಿ ಡಯಫ್ರಮನ್ನು ಕಿರಿದುಗೊಳಿಸಿದರು. ಕೊಕ್ಕೆಹುಳುವಿನ ಮೊಟ್ಟೆಗೆ ಬಣ್ಣವಿಲ್ಲ. ಜಂತುಹುಳುವಿನ ಮೊಟ್ಟೆಯಂತೆ ಅದು ಪಿತ್ತರಸದ ಕಂದನ್ನು ಹೀರಿಕೊಳ್ಳುವುದಿಲ್ಲ. ತೀಕ್ಷ್ಣವಾದ ಬೆಳಕಿನಲ್ಲಿ ಅದು ಸುತ್ತಲಿನ ದ್ರವದಲ್ಲಿ ಲೀನವಾಗಿ ಹೋಗುತ್ತದೆ. ಬೆಳಕನ್ನು ತಗ್ಗಿಸಿದಾಗ ಮಾತ್ರ ಅದರ ಅಂಚು ಹಿನ್ನೆಲೆಯಿಂದ ಬೇರ್ಪಡುತ್ತದೆ. ಹಾಗೆ ತಗ್ಗಿದ ಬೆಳಕಿನಲ್ಲಿ, ಸ್ಲೈಡಿನ ಉದ್ದಕ್ಕೂ ಹುಡುಕಿದ ಮೇಲೆ, ಮೂರು ಮೊಟ್ಟೆಗಳು ದೊರೆತವು: ಮೂರೂ 62ರಿಂದ 68 ಮೈಕ್ರಾನಿನೊಳಗೆ, ಗೆರೆಯಂಥ ಕವಚ, ಒಳಗೆ ಬೂದುಬಣ್ಣದ ನಾಲ್ಕೈದು ಕೋಶಗಳು, ಸುತ್ತಲೂ ತೆರಪು. ಮಾಧವನು ಬಹಳ ಹೊತ್ತು ಅವನ್ನೇ ನೋಡಿದನು. ಬೆಳಗಿನಿಂದ ಅವನು ಮೊಟ್ಟೆಯೆಂದು ಎಣಿಸಿದ ಯಾವುದೂ ಇದರಂತಿರಲಿಲ್ಲ. ಅವು ಕಣ್ಣಿಗೆ ತಾವಾಗಿಯೇ ಬಿದ್ದಿದ್ದವು, ಇದನ್ನು ಹುಡುಕಬೇಕಾಗಿತ್ತು.

ಆಗ ಲೆಕ್ಕವನ್ನು ಮತ್ತೆ ಹಾಕಿದರು. ನೇರ ಲೇಪನದಲ್ಲಿ ಒಂದು ನಿಜವಾದ ಮೊಟ್ಟೆಯೂ ಇರಲಿಲ್ಲವಾಗಿ, ಗ್ರಾಮಿಗೆ 500ಕ್ಕಿಂತ ಹೆಚ್ಚಿರುವುದು ಸಂಭವನೀಯವಲ್ಲ. ದಿನಕ್ಕೆ ಹೆಚ್ಚೆಂದರೆ 75,000 ಮೊಟ್ಟೆಗಳು, ಏಳೆಂಟು ಹೆಣ್ಣುಗಳು, ಒಟ್ಟು ಹದಿನೈದು ಹುಳುಗಳು. ರಕ್ತನಷ್ಟವು ಅರ್ಧ ಮಿಲಿಲೀಟರಿಗೂ ಕಡಿಮೆ. ಸ್ಥೂಲವಾದ ಗಣನೆಯೇ ಸರಿ. ಆದರೂ ಅದು ಹೇಳುವ ಮಾತು ಸ್ಪಷ್ಟವಾಗಿದೆ. ಇಷ್ಟು ಅಲ್ಪವಾದ ನಷ್ಟದಿಂದ ಹಿಮೋಗ್ಲೋಬಿನ್ 6 ಗ್ರಾಮಿಗೆ ಇಳಿಯುವುದಿಲ್ಲ.

ಮರುದಿನ ಹೆಂಗಸು ಬಂದಾಗ ಮಾಧವನೇ ಹೋಗಿ, “ಅಮ್ಮಾ, ಈ ನಾಲ್ಕು ದಿನ ಏನೇನು ಊಟ ಮಾಡಿದ್ದಿರಿ?” ಎಂದು ವಿಚಾರಿಸಿದನು. ಅವರೆಕಾಯಿಯ ಕಾಲವಲ್ಲವೇ, ಎರಡು ಹೊತ್ತೂ ಅವರೆಕಾಳಿನ ಸಾರು, ಮುದ್ದೆ. ಕೆಮ್ಮಿಗೆಂದು ಶುಂಠಿಯ ರಸದೊಡನೆ ಜೇನುತುಪ್ಪ. ಊರಿನ ಹೊಲದ ಬದುವಿನಲ್ಲಿ ಕಟ್ಟಿದ್ದ ಗೂಡನ್ನು ಹಿಂಡಿದ್ದು, ಸೋಸದೆ ಇದ್ದದ್ದು. ಆ ಹೊಲಗಳಲ್ಲಿ ಮಳೆಗಾಲ ಕಳೆದ ಮೇಲೆ ಹುಚ್ಚೆಳ್ಳು ಹಳದಿಯಾಗಿ ಹೂಬಿಟ್ಟಿತ್ತು. ಹುಚ್ಚೆಳ್ಳು ಸೂರ್ಯಕಾಂತಿಯ ಕುಟುಂಬದ ಗಿಡ. ಆ ಕುಟುಂಬದ ರೇಣುಗಳಿಗೆ ಮುಳ್ಳುಗಳಿರುವುದು ಪ್ರಸಿದ್ಧವಾದ ಲಕ್ಷಣ. ಸೋಸದ ಜೇನಿನ ಒಂದೊಂದು ಗ್ರಾಮಿನಲ್ಲಿಯೂ ಸಾವಿರಗಟ್ಟಲೆ ರೇಣುಗಳಿರುತ್ತವೆ.

ಊಹೆಯು ಎಷ್ಟೇ ಸುಂದರವಾಗಿದ್ದರೂ ಅದನ್ನು ಹಾಗೆಯೇ ಬಿಡಲಾಗದೆಂದು ಮಾಧವನು ಈಗ ತಾನಾಗಿಯೇ ಮುಂದುವರಿದನು. ಹೆಂಗಸಿನ ಮನೆಯಿಂದ ತರಿಸಿದ ಜೇನನ್ನು ಬೆಚ್ಚನೆಯ ನೀರಿನಲ್ಲಿ ಕರಗಿಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳದ ಗಸಿಯನ್ನು ಒಂದು ಸ್ಲೈಡಿನ ಮೇಲೆ ಇಟ್ಟನು. ಹಾಸ್ಟೆಲಿನ ಅಡುಗೆಮನೆಯಿಂದ ತಂದ ಬೆಂದ ಅವರೆಕಾಳನ್ನು ಇನ್ನೊಂದರ ಮೇಲೆ ನುರಿದನು. ಮೊದಲನೆಯದರಲ್ಲಿ 30 ಮೈಕ್ರಾನಿನ, ಮೂರು ಕಚ್ಚುಗಳ, ಮುಳ್ಳಿನ ಕಣಗಳು ಇತರ ಬಗೆಬಗೆಯ ರೇಣುಗಳೊಡನೆ ಹೇರಳವಾಗಿದ್ದವು. ಎರಡನೆಯದರಲ್ಲಿ ಅವನ ನಲವತ್ತು ‘ಮೊಟ್ಟೆ’ಗಳ ಒಡಹುಟ್ಟಿದವು ಲೆಕ್ಕವಿಲ್ಲದಷ್ಟು. ಅಯೋಡಿನ್ ಹಾಕಿದಾಗ ಅವು ಇನ್ನೂ ಗಾಢವಾದ ನೀಲಿಯಾದವು, ಜೀರ್ಣಕ್ರಿಯೆಗೆ ಸಿಕ್ಕಿರಲಿಲ್ಲವಾಗಿ. ಮಾಧವನು ಮೂರನೆಯ ಸ್ಲೈಡನ್ನೂ ಮಾಡಿದನು: ಸೀಬೆಹಣ್ಣಿನ ತಿರುಳು. ಅದನ್ನು ಅಗಿಯುವಾಗ ಹಲ್ಲಿಗೆ ಮರಳಿನಂತೆ ಸಿಕ್ಕುವ ಕಲ್ಲುಕೋಶಗಳ ದಪ್ಪ ಗೋಡೆಯಲ್ಲಿಯೂ ಕೇಂದ್ರದಿಂದ ಹೊರಕ್ಕೆ ಹಾಯುವ ಸೂಕ್ಷ್ಮ ಕಾಲುವೆಗಳಿವೆಯೆಂದು ಅಧ್ಯಾಪಕಿಯವರು ಹೇಳಿದ್ದರು. ಇದ್ದವು, ಆದರೆ ಗೊಂಚಲು ಗೊಂಚಲಾಗಿ, ಅಳತೆಯ ಮೇರೆಯಿಲ್ಲದೆ.

ಹೆಂಗಸಿಗೆ ಮೂರು ದಿನ ಅವರೆಕಾಳನ್ನೂ ಜೇನನ್ನೂ ಬಿಟ್ಟಿರುವಂತೆ ಹೇಳಿ ಮತ್ತೊಂದು ಮಾದರಿಯನ್ನು ತರಿಸಿದರು. ಊಟವು ಬದಲಾದರೆ ಊಟದ ಅವಶೇಷವೂ ಬದಲಾಗಬೇಕು; ಹುಳುವಾದರೋ ರೋಗಿಯು ಏನನ್ನೇ ಉಂಡರೂ ಪ್ರತಿದಿನ ಮೊಟ್ಟೆಯಿಡುತ್ತಲೇ ಇರುತ್ತದೆ. ಎರಡನೆಯ ಮಾದರಿಯ ಲೇಪನದಲ್ಲಿ ನೀಲಿಗಟ್ಟುವ ಕೋಶಗಳು ಎರಡೋ ಮೂರೋ ಉಳಿದಿದ್ದವು. ಮುಳ್ಳಿನ ರೇಣು ಇಡೀ ಸ್ಲೈಡಿಗೆ ಒಂದು. ಉಪ್ಪುನೀರಿನ ಸ್ಲೈಡಿನಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳು ನಾಲ್ಕು ಸಿಕ್ಕಿದವು.

ಮಾಧವನು ಬರೆದ ವರದಿಯಲ್ಲಿ ಎರಡು ಸಾಲುಗಳಿದ್ದವು: ‘ಕೊಕ್ಕೆಹುಳುವಿನ ಮೊಟ್ಟೆಗಳು ಸಾಂದ್ರೀಕರಣದ ನಂತರ ಮಾತ್ರ ಕಂಡುಬಂದಿವೆ, ಸೋಂಕು ಅಲ್ಪ. ರಕ್ತಹೀನತೆಯ ತೀವ್ರತೆಗೆ ಇದು ಸಾಲದೆಂದು ತೋರುತ್ತದೆ.’ ಎರಡನೆಯ ಸಾಲನ್ನು ಬರೆಯಲು ಅವನು ಹಿಂಜರಿದಾಗ, ಬರೆಯೆಂದು ಅಧ್ಯಾಪಕಿಯವರೇ ಹೇಳಿದರು. ಅದನ್ನು ಓದಿದ ವೈದ್ಯರು ಹೆಂಗಸನ್ನು ಮತ್ತೆ ಕರೆದು, ಸ್ತ್ರೀರೋಗ ವಿಭಾಗದ ವೈದ್ಯೆಯೊಬ್ಬರ ಸಮ್ಮುಖದಲ್ಲಿ ಕೇಳಬೇಕಾದುದನ್ನು ಕೇಳಿಸಿದರು. ಎರಡು ವರ್ಷಗಳಿಂದ ತಿಂಗಳ ಮುಟ್ಟು ಎಂಟು ಹತ್ತು ದಿನ ನಿಲ್ಲದೆ ಹೋಗುತ್ತಿತ್ತು. ಗಂಡಸರ ಮುಂದೆ ಹೇಳಲು ನಾಚಿ ಆಕೆ ಆಯಾಸವೊಂದನ್ನೇ ಹೇಳಿಕೊಂಡಿದ್ದಳು. ಹುಳುವಿಗೆ ಅಲ್ಬೆಂಡಜೋಲ್ 400 ಮಿಲಿಗ್ರಾಮಿನ ಒಂದು ಗುಳಿಗೆಯನ್ನು ಕೊಟ್ಟು, ಕಬ್ಬಿಣದ ಮಾತ್ರೆಗಳನ್ನು ಆರಂಭಿಸಿ, ಆಕೆಯನ್ನು ಅಂದೇ ಆ ವಿಭಾಗದಲ್ಲಿ ದಾಖಲು ಮಾಡಿಕೊಂಡರು.